ತಂಬಾಕಿನ ಡಬ್ಬಿಯೊಳಗಿನ ನಾಲ್ಕು ರೋಲರ್

ನನ್ನ ಟೂಲ್ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಳೆಯ ತಂಬಾಕಿನ ಡಬ್ಬಿ ಇದೆ. ಅದರೊಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ಬೇರಿಂಗ್ ರೋಲರ್‌ಗಳಿವೆ. ಎರಡು 10 ಮಿ.ಮೀ., ಎರಡು 14 ಮಿ.ಮೀ. ದಪ್ಪದವು. ಮನೆಯಲ್ಲಿ ಮೊಮ್ಮಕ್ಕಳು ಪೆಟ್ಟಿಗೆಯ ಯಾವ ಸಾಮಾನು ಮುಟ್ಟಿದರೂ ನಾನು ಸುಮ್ಮನಿರುತ್ತೇನೆ, ಆ ಡಬ್ಬಿಗೆ ಕೈ ಹಾಕಿದರೆ ಮಾತ್ರ ಎದ್ದು ಹೋಗಿ ಇಸಿದುಕೊಳ್ಳುತ್ತೇನೆ. ಅವು ನನ್ನ ಕೈಗೆ ಬಂದದ್ದು 1988ರಲ್ಲಿ, ಕೊಟ್ಟೂರಿನ ಒಂದು ಲೇತ್ ಅಂಗಡಿಯಲ್ಲಿ. ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಐಟಿಐ ಮುಗಿಸಿ ಆ ಅಂಗಡಿ ಸೇರಿ ಎರಡು ವರ್ಷ ಆಗಿತ್ತು. ಸುತ್ತಲಿನ ಊರುಗಳ ಕೆಲಸ ನಮ್ಮಲ್ಲಿಗೆ ಬರುತ್ತಿತ್ತು. ಕೂಡ್ಲಿಗಿ ಕಡೆಯಿಂದ ಬೋರ್‌ವೆಲ್ ಪಂಪಿನ ಶಾಫ್ಟು, ಹಗರಿಬೊಮ್ಮನಹಳ್ಳಿಯಿಂದ ಟ್ರ್ಯಾಕ್ಟರಿನ ಹಬ್ಬು, ಹೊಳೆದಂಡೆಯ ಹಡಗಲಿ ಸೀಮೆಯಿಂದ ಕಬ್ಬಿನ ಗಾಣದ ರೋಲು, ಊರೊಳಗಿನ ಶೇಂಗಾ ಮಿಲ್ಲುಗಳಿಂದ ಸವೆದ ಬುಷ್ಷು. ಹೆಚ್ಚಿನದೆಲ್ಲ ವರ್ನಿಯರ್ ಹಿಡಿದು ನೋಡಿದರೆ ಮುಗಿಯುವ ಕೆಲಸ. ನಮ್ಮ ಮೇಸ್ತ್ರಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಹದಿನಾರು ವರ್ಷ ಫಿಟ್ಟರ್ ಆಗಿ ದುಡಿದು ಬಂದವರು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತ್ ಮಿಷನ್ನುಗಳನ್ನೇ ಮಾಡುತ್ತಿತ್ತು. ಹಾಗಾಗಿ ಯಾರದಾದರೂ ಲೇತೇ ಕೆಟ್ಟರೆ ನಮ್ಮ ಅಂಗಡಿಗೆ ತರುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಹರಪನಹಳ್ಳಿಯ ಒಬ್ಬರು ತಮ್ಮ ಲೇತಿನ ಸ್ಯಾಡಲ್ಲನ್ನು ಬಿಚ್ಚಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿಕೊಂಡು ಬಂದರು. ಜೊತೆಗಿದ್ದ ಕ್ರಾಸ್ ಸ್ಲೈಡು ಎರಡು ಹೋಳಾಗಿತ್ತು. ಇಳಿಸುವಾಗ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದು, ಬೀಡು ಆದ್ದರಿಂದ ಡವ್‌ಟೇಲಿನ ತುಟಿಯಿಂದಲೇ ಸೀಳಿ ಹೋಗಿತ್ತು. ಯಾವ ಕಂಪನಿಯ ಮಿಷನ್ನು ಎಂದು ಹೇಳುವ ಹೆಸರಿನ ತಗಡು ಎಂದೋ ಬಿದ್ದುಹೋಗಿತ್ತು. ಅವರು ಕೇಳಿದ್ದು ಇಷ್ಟೇ: ಸ್ಯಾಡಲ್ ಹಳೆಯದೇ ಇರಲಿ, ಅದರ ಮೇಲೆ ಕೂರುವ ಸ್ಲೈಡನ್ನು ಹೊಸದಾಗಿ ಮಾಡಿಕೊಡಿ.

ಲೇತ್ ನೋಡದವರಿಗಾಗಿ ಎರಡು ಮಾತು. ಸ್ಯಾಡಲ್ಲಿನ ಮೇಲೆ ಪಾರಿವಾಳದ ಬಾಲ ಬಿಚ್ಚಿದ ಹಾಗೆ ಮೇಲೆ ಅಗಲ, ಬುಡದಲ್ಲಿ ಕಿರಿದು ಇರುವ ಒಂದು ದಿಣ್ಣೆ ಉದ್ದಕ್ಕೂ ಇರುತ್ತದೆ. ಅದೇ ಡವ್‌ಟೇಲ್, ನಮ್ಮ ಮಾತಿನಲ್ಲಿ ಗಂಡು. ಅದೇ ಆಕಾರದ ತೋಡನ್ನು ಸ್ಲೈಡಿನ ಹೊಟ್ಟೆಯಲ್ಲಿ ಕೊರೆದಿರುತ್ತಾರೆ, ಅದು ಹೆಣ್ಣು. ಹೆಣ್ಣು ಗಂಡಿನ ಮೇಲೆ ಪಕ್ಕದಿಂದ ತೂರಿ ಜಾರುತ್ತದೆ, ಮೇಲಕ್ಕೆ ಎದ್ದು ಬರುವುದಿಲ್ಲ. ಒಂದು ಪಕ್ಕಕ್ಕೆ ಗಿಬ್ ಎಂಬ ಪಟ್ಟಿಯನ್ನು ಇಟ್ಟು ಸ್ಕ್ರೂನಿಂದ ಒತ್ತಿ ಸಡಿಲು ತೆಗೆಯುತ್ತಾರೆ.

ಈಗ ತೊಡಕು ನೋಡಿ. ಹೆಣ್ಣನ್ನು ಹೊಸದಾಗಿ ಕೊರೆಯಬೇಕಾದರೆ ಗಂಡಿನ ಅಗಲ ಗೊತ್ತಿರಬೇಕು. ಅಗಲ ಎಂದರೆ ಎಲ್ಲಿಯದು? ಮೇಲಿನ ಚೂಪು ಅಂಚುಗಳ ನಡುವೆ ಹಿಡಿಯೋಣ ಎಂದರೆ ಆ ಅಂಚುಗಳನ್ನು ಕೈಗೆ ತಾಗದಿರಲಿ ಎಂದು ಅರದಿಂದ ಮುರಿದಿರುತ್ತಾರೆ. ಬುಡದ ಮೂಲೆಗಳ ನಡುವೆ ಹಿಡಿಯೋಣ ಎಂದರೆ ಅಲ್ಲಿ ಕಸ ಕೂರಲು ಸಣ್ಣ ಕಾಲುವೆ ಕೊರೆದಿರುತ್ತಾರೆ. ಇಳಿಜಾರು ಗೋಡೆಯೂ ತಳವೂ ಸೇರುವ ಆ ಮೂಲೆ ಲೋಹದಲ್ಲಿ ಎಲ್ಲೂ ಇಲ್ಲ, ಎರಡು ಗೆರೆ ಮುಂದಕ್ಕೆ ಎಳೆದರೆ ಸೇರುವ ಜಾಗ ಮಾತ್ರ ಅದು. ಇಲ್ಲದ ಮೂಲೆಗೆ ವರ್ನಿಯರಿನ ದವಡೆ ಹೇಗೆ ತಾಗಿಸುವುದು?

ಅದಕ್ಕೇ ರೋಲರ್. ಗಂಡಿನ ಎರಡೂ ಬದಿಯ ಮೂಲೆಗಳಲ್ಲಿ ಒಂದೊಂದು ಒಂದೇ ದಪ್ಪದ ರೋಲರ್ ಇಟ್ಟರೆ ಅದು ತಳವನ್ನೂ ಮುಟ್ಟುತ್ತದೆ, ಇಳಿಜಾರನ್ನೂ ಮುಟ್ಟುತ್ತದೆ. ಕಾಲುವೆಯೂ ಮುರಿದ ಅಂಚೂ ಅದಕ್ಕೆ ಸಂಬಂಧವಿಲ್ಲ. ಎರಡು ರೋಲರಿನ ಹೊರಮೈ ಮೇಲೆ ಮೈಕ್ರೋಮೀಟರ್ ಹಿಡಿದು ಅಳತೆ ತೆಗೆದು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಇಲ್ಲದ ಮೂಲೆಗಳ ನಡುವಿನ ಅಗಲ ಸಿಗುತ್ತದೆ. ಐಟಿಐನಲ್ಲಿ ಬರೆಸಿದ್ದ ಸೂತ್ರ ನನಗೆ ಬಾಯಿಪಾಠ ಬರುತ್ತಿತ್ತು:

```
M = w + d × (1 + cot(θ/2))
```

`M` ರೋಲರುಗಳ ಮೇಲೆ ಬಂದ ಅಳತೆ, `w` ಬುಡದ ಅಗಲ, `d` ರೋಲರಿನ ದಪ್ಪ, `θ` ಡವ್‌ಟೇಲಿನ ಕೋನ. ಸೂತ್ರ ಎಲ್ಲಿಂದ ಬಂತು ಎಂದು ಕಾಗದದ ಮೇಲೆ ಒಂದು ಸಲ ಬರೆದು ನೋಡಿದರೆ ಮರೆಯುವುದಿಲ್ಲ. ಮೂಲೆಯಲ್ಲಿ ಕುಳಿತ ಗುಂಡಿನ ನಡುಬಿಂದುವು ಮೂಲೆಯ ಕೋನವನ್ನು ಸರಿಯಾಗಿ ಅರ್ಧ ಮಾಡುವ ಗೆರೆಯ ಮೇಲೇ ಇರುತ್ತದೆ. ಹಾಗಾಗಿ ಮೂಲೆಯಿಂದ ನಡುಬಿಂದು ಎಷ್ಟು ಆಚೆ ಎಂಬುದು ಅರ್ಧ ಕೋನದ ಕಾಟ್ ಗುಣಿಸು ಅರ್ಧ ದಪ್ಪ. ಅಲ್ಲಿಂದ ಹೊರಮೈಗೆ ಇನ್ನೊಂದು ಅರ್ಧ ದಪ್ಪ. ಎರಡೂ ಬದಿ ಕೂಡಿದರೆ ಅರ್ಧಗಳು ಸೇರಿ ಪೂರ್ತಿ ದಪ್ಪವಾಗುತ್ತವೆ. 60 ಡಿಗ್ರಿಗೆ ಆವರಣದೊಳಗಿನ ಲೆಕ್ಕ 2.732. ಅಂದರೆ ಅಳತೆಯಿಂದ ರೋಲರಿನ ದಪ್ಪದ 2.732 ಪಟ್ಟು ಕಳೆದರೆ ಮುಗಿಯಿತು. ಹೆಣ್ಣಿನಲ್ಲಿ ಇದೇ ಲೆಕ್ಕ ತಿರುಗಾಮುರುಗ: ರೋಲರ್ ಒಳಗೆ ಕೂತಿರುತ್ತವೆ, ನಡುವಿನ ಸಂದು ಅಳೆದು ಅಷ್ಟನ್ನು ಕೂಡಬೇಕು.

ಲೆಕ್ಕಕ್ಕೆ ಮೊದಲು ಮೇಸ್ತ್ರಿ ಸ್ಯಾಡಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆಸಿದರು. ಮೂಲೆಯ ಕಾಲುವೆಯಲ್ಲಿ ಎಷ್ಟೋ ವರ್ಷದ ಬೀಡಿನ ಪುಡಿ ಎಣ್ಣೆ ಕುಡಿದು ಕರ್ರಗೆ ಗಟ್ಟಿಯಾಗಿತ್ತು. ಹಿತ್ತಾಳೆ ಪಟ್ಟಿಯಿಂದ ಕೆರೆದು ತೆಗೆದೆವು. ಆಮೇಲೆ ಎಣ್ಣೆ ಕಲ್ಲು ಹಿಡಿದು ತಳವನ್ನೂ ಇಳಿಜಾರನ್ನೂ ಒಮ್ಮೆ ಹಗುರವಾಗಿ ಸವರಿದರು. ಬರ್ ಎದ್ದಿದ್ದರೆ ರೋಲರ್ ಅದರ ಮೇಲೆ ಹತ್ತಿ ಕೂರುತ್ತದೆ, ಅಳತೆ ಸುಳ್ಳಾಗುತ್ತದೆ. ರೋಲರ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಅವರದೊಂದು ರೀತಿ ಇತ್ತು. ಬೆರಳ ತುದಿಯಿಂದ ರೋಲರನ್ನು ಮೂಲೆಗೆ ಒತ್ತಿ ಅದರ ಒಂದು ತುದಿಯನ್ನು ಉಗುರಿನಿಂದ ತಟ್ಟುವುದು. ಟಕ್ ಎಂದು ಅಲ್ಲಾಡಿದರೆ ಕೆಳಗೆ ಏನೋ ಇದೆ. ಅಲ್ಲಾಡದೆ, ಒತ್ತಿ ಹಿಡಿದಂತೆಯೇ ಹೊರಳಿಸಿದಾಗ ಒಂದೇ ಸಮ ಬಿಗಿ ತೋರಿದರೆ ಎರಡು ಕಡೆಯೂ ತಾಗಿದೆ.

ರೋಲರುಗಳೂ ಸುಮ್ಮನೆ ಸಿಕ್ಕವಲ್ಲ. ಎಣ್ಣೆ ಮಿಲ್ಲಿನ ಮೋಟಾರಿನಿಂದ ಬಿಚ್ಚಿದ ಹಳೆಯ ರೋಲರ್ ಬೇರಿಂಗಿನಿಂದ ಮೇಸ್ತ್ರಿ ಆರಿಸಿ ತೆಗೆದದ್ದು. ಬೇರಿಂಗಿನ ರೋಲರ್‌ನಷ್ಟು ದುಂಡಗೆ, ಒಂದರಂತೆ ಒಂದು ಇರುವ ಗಟ್ಟಿ ಉಕ್ಕಿನ ತುಂಡು ನಮ್ಮಂಥ ಸಣ್ಣ ಅಂಗಡಿಗೆ ಬೇರೆಲ್ಲೂ ಸಿಗುವುದಿಲ್ಲ. ಆದರೂ ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಹಿಡಿದು, ಸವೆದದ್ದನ್ನೂ ಕಲೆ ಬಿದ್ದದ್ದನ್ನೂ ತೆಗೆದು ಜೋಡಿ ಮಾಡಿದರು. ಇಂಥ ರೋಲರಿನ ತುದಿಗಳು ನಡುವಿಗಿಂತ ಕೂದಲೆಳೆಯಷ್ಟು ಸಣ್ಣಗಿರುವಂತೆ ಮಾಡಿರುತ್ತಾರೆ, ಅದಕ್ಕೇ ಅಳೆಯುವಾಗ ಮೈಕ್ರೋಮೀಟರ್ ರೋಲರಿನ ನಡುವಿಗೇ ತಾಗಬೇಕು. ಡ್ರಿಲ್ ಬಿಟ್ಟಿನ ಬಾಲ ಇಟ್ಟರೂ ನಡೆಯುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ, ಎರಡು 10ರ ಬಿಟ್ಟು ತೆಗೆದು ಅಳೆದು ತೋರಿಸಿದರು. ಒಂದೂ 10 ಇರಲಿಲ್ಲ, ಎರಡೂ ಒಂದೇ ಸಮವೂ ಇರಲಿಲ್ಲ.

ಮೊದಲ ಅಳತೆ ತೆಗೆದದ್ದು ಮೂರು ಜಾಗದಲ್ಲಿ. ಹ್ಯಾಂಡಲ್ ಕಡೆ 107.30, ನಡುವೆ 107.21, ಹಿಂದೆ 107.29. ಇದಕ್ಕೆ ಯಾವ ಸೂತ್ರವೂ ಬೇಕಿರಲಿಲ್ಲ. ರೋಲರ್ ಅವೇ, ಕೋನ ಅದೇ, ಆದ್ದರಿಂದ ಅಳತೆಯ ವ್ಯತ್ಯಾಸವೆಲ್ಲ ಅಗಲದ ವ್ಯತ್ಯಾಸವೇ. ಸ್ಲೈಡು ಹೆಚ್ಚು ಓಡಾಡುವ ನಡುಭಾಗ 0.09 ಮಿ.ಮೀ. ಸವೆದಿತ್ತು. ಹರಪನಹಳ್ಳಿಯವರು ಹೇಳಿದ್ದ ದೂರು ಆಗ ಅರ್ಥವಾಯಿತು. ಗಿಬ್ ಬಿಗಿ ಮಾಡಿದರೆ ತುದಿಯಲ್ಲಿ ಹಿಡಿಯುತ್ತದೆ, ಸಡಿಲ ಬಿಟ್ಟರೆ ನಡುವೆ ಕೆಲಸ ಮಾಡುವಾಗ ಟೂಲು ನಡುಗುತ್ತದೆ ಎಂದಿದ್ದರು. ಗಿಬ್ಬಿನ ತಪ್ಪು ಏನೂ ಇರಲಿಲ್ಲ, ಅದು ಒತ್ತುವ ಗೋಡೆಯೇ ನೇರವಿರಲಿಲ್ಲ.

ಮೇಸ್ತ್ರಿ ಎರಡು ದಿನ ಕೂತು ಇಳಿಜಾರುಗಳನ್ನು ಸ್ಕ್ರೇಪರಿನಿಂದ ಕೆರೆದು ತುದಿಗಳನ್ನು ನಡುವಿನ ಸಮಕ್ಕೆ ತಂದರು. ಮೂರು ಮೂಲೆಯ ಒಂದು ನೇರಪಟ್ಟಿಗೆ ನೀಲಿ ಹಚ್ಚಿ ಇಳಿಜಾರಿಗೆ ಉಜ್ಜಿ, ನೀಲಿ ಹತ್ತಿದ ದಿಬ್ಬಗಳನ್ನಷ್ಟೇ ಕೆರೆಯುವುದು. ಆ ಪಟ್ಟಿಯ ಮೂಲೆ 45 ಡಿಗ್ರಿಯದು. ಅದಕ್ಕಿಂತ ದೊಡ್ಡ ಕೋನದ ಯಾವ ಡವ್‌ಟೇಲಿನೊಳಗಾದರೂ ಹೋಗುತ್ತದೆ. ಗೋಡೆ ನೇರ ಇದೆಯೋ ಇಲ್ಲವೋ ಹೇಳುತ್ತದೆ, ಕೋನ ಎಷ್ಟು ಎಂದು ಹೇಳುವುದಿಲ್ಲ. ಇದನ್ನು ಆವತ್ತು ನಾನು ಯೋಚಿಸಲಿಲ್ಲ. ಕೊನೆಗೆ ಮೂರೂ ಜಾಗದಲ್ಲಿ 107.21 ಬಂದಾಗ ಮೇಸ್ತ್ರಿ ಸ್ಯಾಡಲ್ಲಿನ ಏಪ್ರನ್ ಕಡೆಯ ಕಾಣದ ಮೈಯಲ್ಲಿ ಗೀರುಗಡ್ಡಿಯಿಂದ ಆ ಅಂಕಿಯನ್ನು ಬರೆದರು.

"ಲೆಕ್ಕ ನೀ ಹಾಕು ತಮ್ಮಾ, ಓದಿದಾವ ನೀನು" ಎಂದರು.

ನಾನು ಹಾಕಿದೆ. 10ರ ರೋಲರ್, 60 ಡಿಗ್ರಿ, 27.32 ಕಳೆದರೆ ಬುಡದ ಅಗಲ 79.89. ಡವ್‌ಟೇಲ್ ಎಂದರೆ 60 ಎಂದು ಕಲಿತಿದ್ದೆ. ಪುಸ್ತಕದ ಲೆಕ್ಕಗಳೆಲ್ಲ 60ರವೇ, ಪರೀಕ್ಷೆಗೆ ಬಂದದ್ದೂ 60. ಕೋನ ಅಳೆಯುವ ಬೆವೆಲ್ ಪ್ರೊಟ್ರ್ಯಾಕ್ಟರ್ ನಮ್ಮ ಅಂಗಡಿಯಲ್ಲಿ ಇರಲಿಲ್ಲ. ತಗಡಿನಲ್ಲಿ 60ರ ಒಂದು ಮಾದರಿ ಕತ್ತರಿಸಿ ಮೂಲೆಗೆ ಹಿಡಿದು ಬೆಳಕು ನೋಡಬಹುದಿತ್ತು, ಅರ್ಧ ಗಂಟೆಯ ಕೆಲಸ. ಒಡೆದ ಸ್ಲೈಡಿನ ಹೋಳೂ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ನಾನು ಎರಡನ್ನೂ ಮಾಡಲಿಲ್ಲ. 2.732 ಎಂಬ ಅಂಕಿ ಬಾಯಿಗೆ ಬರುತ್ತಿತ್ತಲ್ಲ, ಅದೇ ಸಾಕು ಎನಿಸಿತು.

ಹುಬ್ಬಳ್ಳಿಯಿಂದ ಎರಕ ಬಂತು. ಮೇಲಿನ ಸಿಪ್ಪೆ ತೆಗೆದು ಕೆಲ ದಿನ ಬಿಟ್ಟು, ಶೇಪರಿನ ಮೇಲೆ ಕಟ್ಟಿ, ಟೂಲ್ ಹೆಡ್ಡನ್ನು ನೆಟ್ಟಗಿನಿಂದ 30 ಡಿಗ್ರಿ ವಾಲಿಸಿ ಒಂದು ಬದಿ ಕೊರೆದೆ, ಆ ಕಡೆ ವಾಲಿಸಿ ಇನ್ನೊಂದು ಬದಿ ಕೊರೆದೆ. 6 ಮಿ.ಮೀ. ಗಿಬ್ಬಿಗೆ ಜಾಗ ಬಿಟ್ಟು, ಒಳಗೆ ರೋಲರ್ ಇಟ್ಟು ಅಳತೆ ನೋಡಿ ನೋಡಿ ಸರಿಯಾಗಿ ನಿಲ್ಲಿಸಿದೆ. ನನ್ನ ಲೆಕ್ಕಕ್ಕೆ ಅದು ನೂರಕ್ಕೆ ನೂರು ಸರಿಯಿತ್ತು.

ಗಂಡಿನ ಇಳಿಜಾರಿಗೆ ನೀಲಿ ಹಚ್ಚಿ, ಗಿಬ್ ಇಲ್ಲದೆ ಹೊಸ ಸ್ಲೈಡನ್ನು ಸ್ಯಾಡಲ್ಲಿಗೆ ತೂರಿಸಿ, ಇಳಿಜಾರಿಗೆ ಒತ್ತಿ ಎರಡು ಸಲ ಓಡಿಸಿ ತೆಗೆದೆವು. ನೀಲಿ ಗೋಡೆಯ ತುಂಬ ಚುಕ್ಕೆ ಚುಕ್ಕೆಯಾಗಿ ಹತ್ತಿರಬೇಕಿತ್ತು. ಹತ್ತಿದ್ದು ಒಳಗಿನ ಬುಡದ ಹತ್ತಿರ ಒಂದು ಸಣ್ಣ ಗೆರೆ ಮಾತ್ರ, ಪೆನ್ಸಿಲಿನಿಂದ ಎಳೆದ ಹಾಗೆ. ಮತ್ತೆ ಕೂರಿಸಿ ತುದಿಯಿಂದ ಬಗ್ಗಿ ನೋಡಿದರೆ ತುಟಿಯ ಬಳಿ ಸಂದು ಕಣ್ಣಿಗೇ ಕಾಣುತ್ತಿತ್ತು. ಹೆಚ್ಚುಕಡಿಮೆ 2 ಮಿ.ಮೀ. ಆ ಸಂದಿನಾಚೆ ಅಂಗಡಿಯ ಬಾಗಿಲಿನ ಬೆಳಕು ಕಂಡದ್ದು ನನಗೆ ಇಂದಿಗೂ ನೆನಪಿದೆ. ಮೂರು ವಾರದ ಕೆಲಸ ಅದು, ಎರಕದ ದುಡ್ಡು ಆ ಮನುಷ್ಯ ಸಾಲ ಮಾಡಿ ಕೊಟ್ಟದ್ದು.

ಮೇಸ್ತ್ರಿ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸಂದನ್ನೇ ನೋಡಿ, "ಕೋನ ಬ್ಯಾರೆ ಐತಿ" ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದರು: "ಹರಿಹರದಾಗ ಇನ್‌ಸ್ಪೆಕ್ಷನ್ನಿನ ಮಂದಿ ಎರಡು ಜೋಡಿ ಪಿನ್ನು ಇಟ್ಕೊಂಡಿರ್ತಿದ್ರು. ಒಂದು ಸಣ್ಣದು, ಒಂದು ದೊಡ್ಡದು. ಒಂದೇ ಡವ್‌ಟೇಲು ಎರಡು ಸಲ ಅಳಿತಿದ್ರು. ಯಾಕ ಅಂತ ನಾ ಕೇಳ್ಲಿಲ್ಲ. ನೀ ತಿಳ್ಕೊ." ಬೇರಿಂಗಿನ ಡಬ್ಬಿಯಿಂದ 14ರ ಎರಡು ರೋಲರ್ ತೆಗೆದು ನನ್ನ ಮುಂದಿಟ್ಟರು.

ಅಂದು ಸಂಜೆ ಕರೆಂಟು ಹೋಗಿತ್ತು. ಬಾಗಿಲ ಬಳಿ ಉಳಿದ ಬೆಳಕಿನಲ್ಲೇ 14ರ ರೋಲರ್ ಇಟ್ಟು ಅಳೆದೆ. 118.89. ಪಟ್ಟಿಯಲ್ಲಿ 107.21ರ ಪಕ್ಕಕ್ಕೆ ಬರೆದುಕೊಂಡು ಮನೆಗೆ ಹೋಗಿ ಕಂದೀಲಿನ ಮುಂದೆ ಕೂತೆ. ಎರಡಕ್ಕೂ ಸೂತ್ರ ಬರೆದೆ, ಒಂದರ ಕೆಳಗೆ ಒಂದು. ಕಣ್ಣಿಗೆ ಬಿದ್ದದ್ದು ಏನೆಂದರೆ, ಎರಡರಲ್ಲೂ ಬುಡದ ಅಗಲ ಒಂದೇ. ಒಂದರಿಂದ ಒಂದನ್ನು ಕಳೆದರೆ ಆ ಅಗಲ ಮಾಯ, ಉಳಿಯುವುದು ಕೋನ ಮಾತ್ರ:

```
(118.89 − 107.21) / (14 − 10) = 11.68 / 4 = 2.92
cot(θ/2) = 2.92 − 1 = 1.92
θ/2 = 27.5°,  θ = 55°
```

ಐಟಿಐ ಪುಸ್ತಕದ ಹಿಂದಿನ ಪಟ್ಟಿಯಲ್ಲಿ ಟ್ಯಾನ್ 27.5 ಹುಡುಕಿ, ಒಂದನ್ನು ಅದರಿಂದ ಭಾಗಿಸಿ ನೋಡಿದೆ. 1.921. ಕೋನ 60 ಅಲ್ಲ, 55. ಮಿಷನ್ ಮಾಡುವವರಲ್ಲಿ ಎರಡೂ ಕೋನ ಬಳಕೆಯಲ್ಲಿವೆ, ಹಳೆಯ ಮಿಷನ್ನುಗಳಲ್ಲಿ 55 ಸಾಮಾನ್ಯ ಎಂದು ಆಮೇಲೆ ತಿಳಿಯಿತು. ಸರಿಯಾದ ಲೆಕ್ಕಕ್ಕೆ 107.21ರಿಂದ 29.21 ಕಳೆದರೆ ಬುಡದ ಅಗಲ ಸರಿಯಾಗಿ 78 ಮಿ.ಮೀ. ನಾನು 79.89 ಎಂದು ನಂಬಿದ್ದೆ. ಮೈಕ್ರೋಮೀಟರಿನಲ್ಲಿ ನೂರನೇ ಒಂದು ಭಾಗದವರೆಗೆ ಎಚ್ಚರಿಕೆಯಿಂದ ಅಳೆದು, ಅಳೆಯದೆ ಒಪ್ಪಿಕೊಂಡ ಒಂದು ಅಂಕಿಯಿಂದ ಸುಮಾರು 2 ಮಿ.ಮೀ. ತಪ್ಪಿದ್ದೆ. ಒಂದು ಜೋಡಿ ರೋಲರ್ ಒಂದು ಸಂಖ್ಯೆ ಕೊಡುತ್ತದೆ. ಅಗಲ, ಕೋನ ಎರಡೂ ಗೊತ್ತಿಲ್ಲದಾಗ ಒಂದು ಸಂಖ್ಯೆಯಿಂದ ಎರಡನ್ನೂ ಹೊರಡಿಸಲು ಬರುವುದಿಲ್ಲ, ಇಷ್ಟು ಸರಳ ಸಂಗತಿ. ಎರಡನೇ ಜೋಡಿ ಅದಕ್ಕಾಗಿ.

ಮರುದಿನ ಬೆಳಿಗ್ಗೆ ಮೇಸ್ತ್ರಿಗೆ ತೋರಿಸಿದೆ. ಅವರು ಲೆಕ್ಕ ಓದಲಿಲ್ಲ. "12ರ ರೋಲರ್ ಇಟ್ಟರೆ ಎಷ್ಟು ಬರಬೇಕು, ಅಳಿಯೋಕಿಂತ ಮುಂಚೆ ಹೇಳು" ಎಂದರು. 113.05 ಎಂದೆ. ಇಟ್ಟು ಅಳೆದರು. 113.04.

ಆ ಮೂರನೇ ಅಳತೆಯ ಬೆಲೆ ನನಗೆ ಪೂರ್ತಿ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಇನ್ನೊಂದು ಸವೆದ ಸ್ಯಾಡಲ್ಲಿನ ಮೇಲೆ. ರೋಲರ್ ಇಳಿಜಾರಿನ ಗೋಡೆಯನ್ನು ಮುಟ್ಟುವುದು ಒಂದೇ ಎತ್ತರದಲ್ಲಿ. 55 ಡಿಗ್ರಿಯ ಗೋಡೆಯಲ್ಲಿ 10ರ ರೋಲರ್ ತಳದಿಂದ ಸುಮಾರು 8 ಮಿ.ಮೀ. ಮೇಲೆ, 14ರದು 11 ಮಿ.ಮೀ. ಮೇಲೆ. ಎರಡು ಬಿಂದುವಿನ ನಡುವೆ ನೇರ ಗೆರೆ ಯಾವತ್ತೂ ಎಳೆಯಬಹುದು. ಗೋಡೆ ನಡುವೆ ಗುಳಿಬಿದ್ದು ಬೊಗಸೆಯಂತೆ ಸವೆದಿದ್ದರೂ ಎರಡು ಜೋಡಿಯ ಲೆಕ್ಕ ಒಂದು ಕೋನ ಕೊಟ್ಟೇ ಕೊಡುತ್ತದೆ, ಆದರೆ ಅದು ಆ ಡವ್‌ಟೇಲಿನ ಕೋನವಲ್ಲ. ನಡುವಿನ ಗಾತ್ರದ ಮೂರನೇ ಜೋಡಿ ಇಟ್ಟಾಗ ಅಳತೆ ಲೆಕ್ಕಕ್ಕೆ ಕೂಡದಿದ್ದರೆ ಗೋಡೆ ಸಪಾಟಿಲ್ಲ ಎಂದು ತಿಳಿಯಬೇಕು. ಮೊದಲು ಕೆರೆದು ಸಪಾಟು ಮಾಡಿ, ಆಮೇಲೆ ಅಳೆಯಬೇಕು. ನಮ್ಮ ಕೆಲಸದಲ್ಲಿ ಮೇಸ್ತ್ರಿ ಎರಡು ದಿನ ಕೂತು ಕೆರೆದಿದ್ದರಿಂದ 0.01 ಮಾತ್ರ ಹೆಚ್ಚುಕಡಿಮೆ ಬಂತು.

ರೋಲರಿನ ಗಾತ್ರ ಆರಿಸುವುದರಲ್ಲೂ ಎರಡು ಕಟ್ಟುಪಾಡುಗಳಿವೆ. ತೀರ ದಪ್ಪದ್ದಾದರೆ ಅದು ಗೋಡೆಯ ಬದಲು ಮೇಲಿನ ಮುರಿದ ಅಂಚಿಗೆ ತಾಗುತ್ತದೆ. ತೀರ ಸಣ್ಣದಾದರೆ ಡವ್‌ಟೇಲಿನ ತಲೆ ರೋಲರಿಗಿಂತ ಹೊರಕ್ಕೆ ಚಾಚಿರುತ್ತದೆ, ಮೈಕ್ರೋಮೀಟರ್ ರೋಲರನ್ನು ಮುಟ್ಟುವುದೇ ಇಲ್ಲ. ನಮ್ಮದು 16 ಮಿ.ಮೀ. ಎತ್ತರದ ಡವ್‌ಟೇಲ್, 6ರ ರೋಲರ್ ಇಟ್ಟು ನೋಡಿದೆ, ತಲೆಯ ಅಡಿಯಲ್ಲಿ ಅಡಗಿ ಕೂತುಬಿಟ್ಟಿತು. ಇನ್ನು ಎರಡು ಜೋಡಿಯ ದಪ್ಪ ಹತ್ತಿರ ಹತ್ತಿರ ಇದ್ದರೆ ಕೋನ ನೆಚ್ಚುವಂತಿರುವುದಿಲ್ಲ. ಅಳತೆಗಳ ವ್ಯತ್ಯಾಸದಲ್ಲಿ 0.02 ತಪ್ಪಿದರೆ, 4 ಮಿ.ಮೀ. ಅಂತರದ ಜೋಡಿಗಳಲ್ಲಿ ಕೋನ ಡಿಗ್ರಿಯ ಎಂಟನೇ ಒಂದು ಭಾಗದಷ್ಟು ಆಚೀಚೆ ಆಗುತ್ತದೆ. 1 ಮಿ.ಮೀ. ಅಂತರದ ಜೋಡಿಗಳಲ್ಲಿ ಅದೇ ತಪ್ಪು ಅರ್ಧ ಡಿಗ್ರಿಗೆ ಏರುತ್ತದೆ. 10ರ ರೋಲರಿನಲ್ಲಿ ಅರ್ಧ ಡಿಗ್ರಿ ಎಂದರೆ ಅಗಲದಲ್ಲಿ 0.2 ಮಿ.ಮೀ. ಹೋಯಿತು.

ಇಷ್ಟು ಚೆನ್ನಾಗಿ ಅಳೆದರೂ ಲೆಕ್ಕದ ಅಗಲವನ್ನೇ ಕೊನೆಯ ಮಾತು ಮಾಡಿಕೊಂಡು ಹೆಣ್ಣನ್ನು ಮುಗಿಸಲು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಜಾರುವ ಸ್ಲೈಡಿಗೆ ಬೇಕಾದ ಸಂದು ನೂರನೇ ಒಂದೆರಡು ಭಾಗ. ಕೋನದ ಸಣ್ಣ ಅನುಮಾನವೇ ಅದಕ್ಕಿಂತ ದೊಡ್ಡದು. ರೋಲರ್ ಲೆಕ್ಕ ನಮ್ಮನ್ನು ಹತ್ತಿರಕ್ಕೆ ತಂದು ಬಿಡುತ್ತದೆ. ಅಲ್ಲಿಂದ ಮುಂದೆ ನೀಲಿ ಹಚ್ಚಿ ಕೆರೆಯಬೇಕು, ಉಳಿದದ್ದನ್ನು ಗಿಬ್ ನುಂಗುತ್ತದೆ. ಗಂಡು ಉದ್ದಕ್ಕೂ ಒಂದೇ ಅಗಲ ಇದೆಯೇ ಎಂಬ ಪ್ರಶ್ನೆಗೆ ಮಾತ್ರ ರೋಲರ್ ಕೊಡುವ ಉತ್ತರ ಕೊನೆಯ ಉತ್ತರ, ಏಕೆಂದರೆ ಅಲ್ಲಿ ಕೋನ ಲೆಕ್ಕಕ್ಕೇ ಬರುವುದಿಲ್ಲ.

ಗಿಬ್ ನುಂಗುತ್ತದೆ ಎಂದೆನಲ್ಲ, ನನ್ನ ತಪ್ಪನ್ನೂ ಅದೇ ನುಂಗಿತು. 60ಕ್ಕೆ ಕೊರೆದ ಹೆಣ್ಣು ಒಳಬುಡದಲ್ಲಿ ಇಕ್ಕಟ್ಟಾಗಿತ್ತು, ತುಟಿಯಲ್ಲಿ ಅಗಲವಾಗಿತ್ತು. ಇಕ್ಕಟ್ಟಿನ ಕಡೆ ಲೋಹ ಇನ್ನೂ ಇತ್ತು, ಅದನ್ನು ತೆಗೆಯಬಹುದಿತ್ತು. ಶೇಪರಿನ ಹೆಡ್ಡನ್ನು ಈ ಸಲ 35 ಡಿಗ್ರಿ ವಾಲಿಸಿ ಎರಡೂ ಗೋಡೆಯನ್ನು ಒಳಗಿನಿಂದ ಹಿಂದಕ್ಕೆ ತಂದೆವು. ತುಟಿಯ ಅಗಲವನ್ನು ವಾಪಸು ತರುವ ಉಪಾಯ ಮಾತ್ರ ಯಾರ ಹತ್ತಿರವೂ ಇಲ್ಲ. ಆ ಹೆಚ್ಚಿನ ಅಗಲವನ್ನೆಲ್ಲ ಗಿಬ್ಬಿನ ಕಡೆಗೆ ತಳ್ಳಿದೆವು. ಕೋನ ತಿದ್ದಿ, ಗೋಡೆ ಸಾಫು ಮಾಡಿ ಮುಗಿಸುವಷ್ಟರಲ್ಲಿ 6 ಮಿ.ಮೀ. ಇರಬೇಕಾದ ಗಿಬ್ 7.5 ಆಯಿತು. ಪುಣ್ಯಕ್ಕೆ ಸ್ಕ್ರೂ ನಟ್ಟಿನ ತೂತುಗಳನ್ನು ಇನ್ನೂ ಕೊರೆದಿರಲಿಲ್ಲ. ಸ್ಲೈಡು ಪಕ್ಕಕ್ಕೆ ಸರಿದು ಕೂತ ಜಾಗ ನೋಡಿಕೊಂಡೇ ತೂತು ಹಾಕಿದೆವು. ನನ್ನ ತಪ್ಪು ತುಟಿಯನ್ನು ಇಕ್ಕಟ್ಟು ಮಾಡುವ ಬದಲು ಅಗಲ ಮಾಡಿದ್ದರಿಂದ ಎರಕ ಉಳಿಯಿತೇ ಎಂದರೆ ಅದೂ ಅಲ್ಲ, ಇಕ್ಕಟ್ಟಾಗಿದ್ದರೆ ಇನ್ನೂ ಸುಲಭ, ಕೊರೆದರೆ ಮುಗಿಯುತ್ತಿತ್ತು. ಉಳಿಸಿದ್ದು ಗಿಬ್ಬಿನ ಕಡೆ ಇದ್ದ ದಪ್ಪ ಗೋಡೆ. ಅದು ತೆಳ್ಳಗಿದ್ದ ಮಾದರಿಯ ಸ್ಲೈಡಾಗಿದ್ದರೆ ಎರಕ ಗುಜರಿಗೆ ಹೋಗುತ್ತಿತ್ತು.

ಹರಪನಹಳ್ಳಿಯವರು ಬಂದಾಗ ಮೇಸ್ತ್ರಿ ನಡೆದದ್ದನ್ನು ಮುಚ್ಚಿಡಲಿಲ್ಲ. "ಗಿಬ್ಬು ದಪ್ಪ ಐತ್ರಿ, ಹುಡುಗ ಕೋನ ತಪ್ಪು ಹಿಡಿದಿದ್ದ. ಕೆಲಸಕ್ಕೇನೂ ತೊಂದರಿ ಇಲ್ಲ. ನಾಳೆ ಗಿಬ್ಬು ಬದಲಿ ಮಾಡೋದಾದ್ರ ಏಳೂವರಿ ಅಂತ ನೆನಪಿಟ್ಕೋರಿ" ಎಂದರು. ಕೂಲಿಯಲ್ಲಿ ಒಂದು ಭಾಗ ಬಿಟ್ಟುಕೊಟ್ಟರು. ಅವರು ಹೋದ ಮೇಲೆ 10ರ ಜೋಡಿಯನ್ನೂ 14ರ ಜೋಡಿಯನ್ನೂ ತಮ್ಮ ತಂಬಾಕಿನ ಡಬ್ಬಿ ಖಾಲಿ ಮಾಡಿ ಅದರಲ್ಲಿ ಹಾಕಿ ನನಗೆ ಕೊಟ್ಟರು.

ಮೇಸ್ತ್ರಿ ಈಗಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಆ ಲೇತ್ ಅದೇ ಓಣಿಯ ಅದೇ ಅಂಗಡಿಯಲ್ಲಿದೆ. ಹೋದ ವರ್ಷ ಆ ಮನೆಯ ಮದುವೆಗೆಂದು ಹೋದಾಗ, ಈಗ ಅಂಗಡಿ ನಡೆಸುವ ಮಗ ಮಿಷನ್ ತೋರಿಸಿದ. ಸ್ಲೈಡು ನಡುವೆ ಸ್ವಲ್ಪ ಆಡುತ್ತದೆ ಅಂಕಲ್ ಎಂದ. ಡಬ್ಬಿ ನನ್ನ ಚೀಲದಲ್ಲೇ ಇತ್ತು, ಮೈಕ್ರೋಮೀಟರ್ ಅವನ ಹತ್ತಿರ ಇತ್ತು. ಸ್ಲೈಡನ್ನು ಹೊರಕ್ಕೆ ಎಳೆಸಿ, ಮೂಲೆ ಒರೆಸಿ, 10ರ ರೋಲರ್ ಇಟ್ಟು ಉಗುರಿನಿಂದ ತಟ್ಟಿ ನೋಡಿದೆ. ಎರಡು ತುದಿಗಳಲ್ಲಿ 107.19, 107.20. ನಡುವೆ 107.13.

"ಇದಕ್ಕ ಏನೋ ಸೂತ್ರ ಹಾಕ್ಬೇಕಲ್ಲ ಅಂಕಲ್?" ಎಂದ.

"ಈ ಪ್ರಶ್ನೆಗೆ ಬ್ಯಾಡಪ. ಸವೆದದ್ದು 0.07, ಅಷ್ಟೇ. ಸ್ಲೈಡು ಹೊಸದು ಬೇಕಾದಾಗ ಹಾಕೋಣ" ಎಂದೆ.

ಅವನು ಟಾರ್ಚ್ ಹಿಡಿದ. ಏಪ್ರನ್ ಕಡೆಯ ಮೈಯನ್ನು ಕಾಟನ್ ವೇಸ್ಟಿನಿಂದ ಒರೆಸಿದಾಗ ಮೇಸ್ತ್ರಿ ಬರೆದಿದ್ದ 107.21 ಎಣ್ಣೆಯ ಕೆಳಗಿಂದ ಕಂಡಿತು. ಗೀರುಗಡ್ಡಿ ಇಸಿದುಕೊಂಡು ಅದರ ಕೆಳಗೆ 107.13 ಎಂದು ಬರೆದು, ತಾರೀಖು ಹಾಕಿದೆ.